ಓದಿದ್ದನ್ನೂ ಕೇಳಿದ್ದನ್ನೂ ಸೇರಿಸಿ ಬರೆದ ಉತ್ತರಕ್ಕೆ ಅಂಕ ಕೊಡುವ ಬಗೆ

ಪ್ರಶ್ನೆ: ನಾನು ಭಾಷಾ ಶಿಕ್ಷಕಿ. ನಮ್ಮ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿ, ಅದೇ ವಿಷಯದ ಮೇಲೆ ಚಿಕ್ಕ ಉಪನ್ಯಾಸವೊಂದನ್ನು ಕೇಳಿ, ಎರಡನ್ನೂ ಸೇರಿಸಿ ಬರೆಯಬೇಕು. ಒಂದೇ ಉತ್ತರಕ್ಕೆ ನಾನು ಐದರಲ್ಲಿ 3 ಕೊಟ್ಟರೆ ನನ್ನ ಸಹೋದ್ಯೋಗಿ 5 ಕೊಡುತ್ತಾರೆ. ಇನ್ನೊಂದು ಉತ್ತರಕ್ಕೆ ಇದು ತಿರುವುಮುರುವಾಗುತ್ತದೆ. ಭಾಷೆಗೆಷ್ಟು, ವಿಷಯಕ್ಕೆಷ್ಟು ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಅಂಕಗಳನ್ನು ಭಾಷೆಗಿಷ್ಟು, ವಿಷಯಕ್ಕಿಷ್ಟು ಎಂದು ಪಾಲು ಮಾಡಲು ಹೊರಟರೆ ಈ ಜಗಳ ಬಗೆಹರಿಯುವುದಿಲ್ಲ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಉಪನ್ಯಾಸವನ್ನು ಕೇಳದ ಒಬ್ಬ ಓದುಗ ಈ ಉತ್ತರವನ್ನಷ್ಟೇ ಓದಿದರೆ, ಉಪನ್ಯಾಸಕರು ಏನು ಹೇಳಿದರು, ಅದು ಗದ್ಯಭಾಗದ ಯಾವ ಮಾತಿಗೆ ಹೇಗೆ ಸಂಬಂಧಿಸಿದೆ ಎಂಬುದು ಅವನಿಗೆ ಸರಿಯಾಗಿ ತಿಳಿಯುತ್ತದೆಯೇ? ಭಾಷೆಯ ದೋಷಗಳು ಈ ತಿಳಿವಳಿಕೆಗೆ ಎಷ್ಟು ಅಡ್ಡಬರುತ್ತವೆಯೋ ಅಷ್ಟರ ಮಟ್ಟಿಗೆ ಮಾತ್ರ ಅವು ಅಂಕದಲ್ಲಿ ಕಾಣಿಸಿಕೊಳ್ಳಬೇಕು. ನಿಮ್ಮ ಸಹೋದ್ಯೋಗಿ ಬಹುಶಃ ಬರವಣಿಗೆಯ ಓಟವನ್ನು ನೋಡುತ್ತಿದ್ದಾರೆ, ನೀವು ವರದಿಯ ನಿಖರತೆಯನ್ನು ನೋಡುತ್ತಿದ್ದೀರಿ. ಅಥವಾ ಒಂದು ಉತ್ತರದಲ್ಲಿ ನೀವೂ, ಇನ್ನೊಂದರಲ್ಲಿ ಅವರೂ ಓಟಕ್ಕೆ ಮರುಳಾಗುತ್ತಿರಬಹುದು. ಅಂಕಗಳು ತಿರುವುಮುರುವಾಗುತ್ತಿವೆ ಎಂದಿರುವುದರಿಂದ ಎರಡನೆಯದೇ ಹೆಚ್ಚು ಸಂಭವನೀಯ.

ಈ ಬಗೆಯ ಪ್ರಶ್ನೆಯನ್ನು ವ್ಯಾಪಕವಾಗಿ ಪರಿಚಯಿಸಿದ್ದು 2005ರಲ್ಲಿ ಆರಂಭವಾದ ಟೋಫೆಲ್ ಐಬಿಟಿ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ. ಅಲ್ಲಿನ ವ್ಯವಸ್ಥೆಯನ್ನು ನೆನಪಿಸಿಕೊಂಡರೆ ಅಂಕ ನೀಡುವ ತರ್ಕವೂ ಸ್ಪಷ್ಟವಾಗುತ್ತದೆ. ಸುಮಾರು 230ರಿಂದ 300 ಪದಗಳ ಗದ್ಯಭಾಗವನ್ನು ಓದಲು 3 ನಿಮಿಷ ಕೊಡುತ್ತಿದ್ದರು. ಬಳಿಕ ಸುಮಾರು 2 ನಿಮಿಷದ ಉಪನ್ಯಾಸವನ್ನು ಒಮ್ಮೆ ಮಾತ್ರ ಕೇಳಿಸುತ್ತಿದ್ದರು. ಬರೆಯಲು 20 ನಿಮಿಷ, ಅಪೇಕ್ಷಿತ ಉದ್ದ 150ರಿಂದ 225 ಪದ. ಟಿಪ್ಪಣಿ ಮಾಡಿಕೊಳ್ಳಲು ಅವಕಾಶವಿತ್ತು. ಬರೆಯುವಾಗ ಗದ್ಯಭಾಗ ಮತ್ತೆ ಕಣ್ಣೆದುರಿಗೆ ಬರುತ್ತಿತ್ತು, ಉಪನ್ಯಾಸ ಮಾತ್ರ ಮರಳಿ ಸಿಗುತ್ತಿರಲಿಲ್ಲ. ಅಂಕದ ಭಾರವೆಲ್ಲ ಉಪನ್ಯಾಸದ ಕಡೆಗೆ ವಾಲುವುದಕ್ಕೆ ಈ ಕೊನೆಯ ಸಂಗತಿಯೇ ಕಾರಣ. ಗದ್ಯಭಾಗದ ವಾಕ್ಯಗಳನ್ನು ನೋಡಿ ಬರೆಯಬಹುದಾದ್ದರಿಂದ ಅವುಗಳ ಇರವು ಹೆಚ್ಚೇನನ್ನೂ ಸಾಬೀತು ಮಾಡುವುದಿಲ್ಲ. ಉಪನ್ಯಾಸದ ಅಂಶಗಳು ಉತ್ತರದಲ್ಲಿ ಸರಿಯಾಗಿ ಬಂದಿವೆ ಎಂದರೆ ಮಾತ್ರ ವಿದ್ಯಾರ್ಥಿ ಕೇಳಿ, ಅರ್ಥ ಮಾಡಿಕೊಂಡು, ಆಯ್ದು ಬರೆದಿದ್ದಾನೆ ಎಂದಾಗುತ್ತದೆ.

0ಯಿಂದ 5ರವರೆಗಿನ ಮಾನದಂಡವನ್ನು ನನ್ನ ಮಾತಿನಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಉಪನ್ಯಾಸದ ಮುಖ್ಯ ಅಂಶಗಳೆಲ್ಲ ಗದ್ಯಭಾಗದ ಆಯಾ ಅಂಶಗಳೊಂದಿಗೆ ನಿಖರವಾಗಿ ಜೋಡಣೆಯಾಗಿದ್ದು, ಅಲ್ಲೊಂದು ಇಲ್ಲೊಂದು ಭಾಷಾದೋಷವಿದ್ದರೂ ಅದರಿಂದ ವಿಷಯ ಕೆಡದಿದ್ದರೆ 5. ಜೋಡಣೆ ಒಟ್ಟಾರೆ ಸರಿಯಿದ್ದು, ಸಣ್ಣ ಲೋಪವೋ ಅಸ್ಪಷ್ಟತೆಯೋ ಇದ್ದರೆ, ಅಥವಾ ಭಾಷಾದೋಷಗಳು ಎದ್ದು ಕಂಡರೂ ಅರ್ಥ ಎಲ್ಲೋ ಒಮ್ಮೆ ಮಾತ್ರ ಮಸುಕಾದರೆ 4. ಉಪನ್ಯಾಸದ ಒಂದು ಪ್ರಮುಖ ಅಂಶವೇ ಬಿಟ್ಟುಹೋಗಿದ್ದರೆ, ಕೆಲವು ಅಂಶಗಳು ಅಪೂರ್ಣವೋ ತಪ್ಪೋ ಆಗಿದ್ದರೆ, ಅಥವಾ ಸಂಬಂಧವನ್ನು ಸ್ಥೂಲವಾಗಿ ಮಾತ್ರ ಹೇಳಿದ್ದರೆ 3. ಉಪನ್ಯಾಸದ ಮಹತ್ವದ ವಿಷಯ ದೊಡ್ಡ ಪ್ರಮಾಣದಲ್ಲಿ ಬಿಟ್ಟುಹೋಗಿದ್ದರೆ ಅಥವಾ ತಪ್ಪಾಗಿದ್ದರೆ, ಇಲ್ಲವೇ ಭಾಷೆಯ ತೊಡಕಿನಿಂದ ಮುಖ್ಯ ಅಂಶಗಳೇ ಓದುಗನಿಗೆ ತಲುಪದಿದ್ದರೆ 2. ಉಪನ್ಯಾಸದಿಂದ ಅರ್ಥಪೂರ್ಣವಾದದ್ದೇನೂ ಬರದೆ ಹೋದರೆ 1. ಗದ್ಯಭಾಗದ ವಾಕ್ಯಗಳನ್ನು ನಕಲು ಮಾಡಿದ್ದಷ್ಟೇ ಇದ್ದರೆ, ಅಥವಾ ಉತ್ತರ ವಿಷಯಕ್ಕೇ ಸಂಬಂಧಿಸದಿದ್ದರೆ 0.

ಇಷ್ಟನ್ನು ಓದಿದ ಇಬ್ಬರು ಮೌಲ್ಯಮಾಪಕರು ಮತ್ತೆ ಬೇರೆ ಬೇರೆ ಅಂಕ ಕೊಡಲು ಸಾಧ್ಯವಿದೆ. ‘ನಿಖರ’ ಎಂದರೆ ಏನೆಂಬುದು ಪ್ರತಿ ಪ್ರಶ್ನೆಯಲ್ಲೂ ಹೊಸದಾಗಿ ನಿರ್ಧಾರವಾಗಬೇಕಾದ ಸಂಗತಿ. ಆದ್ದರಿಂದ ಒಂದು ಪ್ರಶ್ನೆಯನ್ನೇ ತೆಗೆದುಕೊಂಡು ನೋಡೋಣ. ಇದು ಅಭ್ಯಾಸಕ್ಕಾಗಿ ನಾನೇ ರಚಿಸಿದ್ದು.

ಗದ್ಯಭಾಗದ ವಾದ ಹೀಗಿದೆ: ರೋಮ್ ಸಾಮ್ರಾಜ್ಯದ ಪತನಕ್ಕೆ ಸೀಸದ ವಿಷ ಒಂದು ಮುಖ್ಯ ಕಾರಣ. ಮೊದಲನೆಯದಾಗಿ, ಅಲ್ಲಿನ ನಗರಗಳಿಗೆ ನೀರು ಸೀಸದ ಕೊಳವೆಗಳ ಮೂಲಕ ಬರುತ್ತಿತ್ತು. ಎರಡನೆಯದಾಗಿ, ದ್ರಾಕ್ಷಿ ರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸಿ ಮಾಡಿದ ಗಟ್ಟಿ ಪಾಕವನ್ನು ಜನರು ಸೇವಿಸುತ್ತಿದ್ದರು. ಮೂರನೆಯದಾಗಿ, ಆ ಕಾಲದ ಸಮಾಧಿಗಳಿಂದ ತೆಗೆದ ಮೂಳೆಗಳಲ್ಲಿ ಸೀಸದ ಪ್ರಮಾಣ ಹೆಚ್ಚಾಗಿ ಕಂಡುಬಂದಿದೆ.

ಉಪನ್ಯಾಸಕರು ಈ ವಾದವನ್ನು ಒಪ್ಪುವುದಿಲ್ಲ. ಕೊಳವೆಗಳು ಸೀಸದವಾಗಿದ್ದರೂ ಅಲ್ಲಿನ ನೀರು ಗಡಸಾಗಿತ್ತು. ಅದರಲ್ಲಿದ್ದ ಸುಣ್ಣದ ಅಂಶ ಕೊಳವೆಯ ಒಳಮೈಗೆ ಪದರವಾಗಿ ಕಟ್ಟಿಕೊಂಡು, ಸೀಸ ನೀರಿಗೆ ಸೇರುವುದನ್ನು ಬಹಳ ಮಟ್ಟಿಗೆ ತಡೆಯುತ್ತಿತ್ತು. ಜೊತೆಗೆ ನೀರು ಕೊಳವೆಯಲ್ಲಿ ನಿಲ್ಲದೆ ಸದಾ ಹರಿಯುತ್ತಿದ್ದುದರಿಂದ ಸೀಸದ ಸಂಪರ್ಕದ ಅವಧಿಯೂ ಕಡಿಮೆಯಿತ್ತು ಎನ್ನುತ್ತಾರೆ. ಪಾಕದ ವಿಷಯದಲ್ಲಿ ಅವರು ಒಂದು ಮಾತನ್ನು ಒಪ್ಪಿಕೊಳ್ಳುತ್ತಾರೆ: ಅದರಲ್ಲಿ ಸೀಸ ಸೇರುತ್ತಿತ್ತು, ಅದು ಆರೋಗ್ಯಕ್ಕೆ ಒಳ್ಳೆಯದೂ ಅಲ್ಲ. ಆದರೆ ಸಾಮ್ರಾಜ್ಯ ಬೆಳೆಯುತ್ತಿದ್ದ ಶತಮಾನಗಳಲ್ಲೂ ಜನ ಅದೇ ಪಾಕವನ್ನು ಬಳಸುತ್ತಿದ್ದರು, ಹಾಗಿರುವಾಗ ಪತನಕ್ಕೆ ಮಾತ್ರ ಅದನ್ನು ಕಾರಣವೆನ್ನುವುದು ಹೇಗೆ ಎಂದು ಕೇಳುತ್ತಾರೆ. ಮೂಳೆಗಳ ಬಗ್ಗೆ ಅವರು ಹೇಳುವುದು, ಹೂತ ಮೂಳೆಯೊಳಕ್ಕೆ ಸುತ್ತಲಿನ ಮಣ್ಣಿನಿಂದ ಸೀಸ ಇಳಿಯಬಹುದು, ಆದ್ದರಿಂದ ಮಣ್ಣನ್ನೂ ಪರೀಕ್ಷಿಸದ ಹೊರತು ಆ ಅಳತೆಯನ್ನು ಬದುಕಿದ್ದಾಗಿನ ಪ್ರಮಾಣವೆಂದು ತೆಗೆದುಕೊಳ್ಳಲಾಗದು ಎಂದು.

ಉತ್ತರ ಪತ್ರಿಕೆಗಳನ್ನು ಮುಟ್ಟುವ ಮೊದಲು ಇಬ್ಬರೂ ಮೌಲ್ಯಮಾಪಕರು ಕೂಡಿ ಕೀ ಉತ್ತರವೊಂದನ್ನು ಸಿದ್ಧಪಡಿಸಬೇಕು. ಅದನ್ನು ಸಿದ್ಧಪಡಿಸುವಾಗ ಉಪನ್ಯಾಸದ ಲಿಖಿತ ಪ್ರತಿಯನ್ನು ಬದಿಗಿಟ್ಟು, ವಿದ್ಯಾರ್ಥಿಗಳಂತೆಯೇ ಒಮ್ಮೆ ಕೇಳಿ ಟಿಪ್ಪಣಿ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಲಿಖಿತ ಪ್ರತಿಯನ್ನು ಎದುರಿಗಿಟ್ಟುಕೊಂಡವರು ಒಂದೊಂದು ವಿಶೇಷಣವನ್ನೂ ನಿರೀಕ್ಷಿಸತೊಡಗುತ್ತಾರೆ. ಒಮ್ಮೆ ಕೇಳಿ ಬರೆದುಕೊಂಡವರಿಗೆ ಯಾವುದು ಕಿವಿಯಲ್ಲಿ ನಿಲ್ಲುತ್ತದೆ, ಯಾವುದು ಜಾರಿಹೋಗುತ್ತದೆ ಎಂಬ ಅಂದಾಜು ಸಿಗುತ್ತದೆ. ಟಿಪ್ಪಣಿ ಮುಗಿದ ಮೇಲೆ ಲಿಖಿತ ಪ್ರತಿಯನ್ನು ತೆಗೆದು, ನೀವು ತಪ್ಪಾಗಿ ಕೇಳಿಸಿಕೊಂಡದ್ದು ಇದ್ದರೆ ತಿದ್ದಿಕೊಳ್ಳಬಹುದು.

ಕೀ ಉತ್ತರದಲ್ಲಿ ಪ್ರತಿ ಅಂಶಕ್ಕೂ ಮೂರು ಸಂಗತಿಗಳಿರಬೇಕು: ಗದ್ಯಭಾಗದ ಯಾವ ಮಾತು ಇಲ್ಲಿ ಚರ್ಚೆಗೆ ಬಂದಿದೆ, ಉಪನ್ಯಾಸಕರು ಅದಕ್ಕೆ ಕೊಡುವ ಕಾರಣವೇನು, ಮತ್ತು ಆ ಎರಡರ ನಡುವಿನ ಸಂಬಂಧ ಯಾವ ಬಗೆಯದು. ಈ ಮೂರನೆಯದನ್ನು ಹೆಚ್ಚಿನ ಕೀ ಉತ್ತರಗಳಲ್ಲಿ ಬರೆದೇ ಇರುವುದಿಲ್ಲ. ನಾನು ನೋಡಿದಂತೆ ಮೌಲ್ಯಮಾಪಕರ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಬಹುಪಾಲು ಹುಟ್ಟುವುದೂ ಇಲ್ಲಿಯೇ. ‘ಉಪನ್ಯಾಸಕರು ವಿರೋಧಿಸುತ್ತಾರೆ’ ಎಂಬುದು ಮೂರೂ ಅಂಶಗಳಿಗೆ ಸಾಮಾನ್ಯವಾದ ಮಾತು. ಆದರೆ ವಿರೋಧದ ಬಗೆ ಮೂರರಲ್ಲೂ ಬೇರೆ. ಕೊಳವೆಯ ವಿಷಯದಲ್ಲಿ ಅವರು ಸಂಗತಿಯನ್ನು ಒಪ್ಪಿ ಅದರ ಪರಿಣಾಮ ಕಡಿಮೆ ಎನ್ನುತ್ತಾರೆ. ಪಾಕದ ವಿಷಯದಲ್ಲಿ ಸಂಗತಿಯನ್ನೂ ಅದರ ಕೆಡುಕನ್ನೂ ಒಪ್ಪಿ, ಅದರಿಂದ ತೆಗೆದ ತೀರ್ಮಾನವನ್ನು ಮಾತ್ರ ಒಪ್ಪುವುದಿಲ್ಲ. ಮೂಳೆಯ ವಿಷಯದಲ್ಲಿ ಪುರಾವೆಯ ವಿಶ್ವಾಸಾರ್ಹತೆಯನ್ನೇ ಪ್ರಶ್ನಿಸುತ್ತಾರೆ. ಸೀಸ ದೇಹದಲ್ಲಿ ಇರಲಿಲ್ಲ ಎಂದು ಅವರು ಎಲ್ಲಿಯೂ ಹೇಳಿಲ್ಲ. ಈ ಮೂರು ಬಗೆಗಳನ್ನು ಒಂದೇ ‘ವಿರೋಧ’ವಾಗಿ ಚಪ್ಪಟೆ ಮಾಡಿದ ಉತ್ತರ ಎಷ್ಟೇ ಸೊಗಸಾಗಿರಲಿ, ಅದು ಉಪನ್ಯಾಸದ ವರದಿಯಾಗಿ ಸೋತಿದೆ.

ಯಾವ ವಿವರ ಕೀ ಉತ್ತರದಲ್ಲಿರಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂಬುದಕ್ಕೆ ಒಂದು ಸರಳ ಪರೀಕ್ಷೆಯಿದೆ. ಆ ವಿವರವನ್ನು ತೆಗೆದುಹಾಕಿದರೆ ಉಪನ್ಯಾಸಕರ ಪ್ರತಿವಾದ ನಿಲ್ಲುತ್ತದೆಯೇ ನೋಡಿ. ಸುಣ್ಣದ ಪದರವನ್ನು ತೆಗೆದರೆ ಮೊದಲ ಪ್ರತಿವಾದ ಬಹುಮಟ್ಟಿಗೆ ಕುಸಿಯುತ್ತದೆ, ಆದ್ದರಿಂದ ಅದು ಅಗತ್ಯ. ನೀರು ಸದಾ ಹರಿಯುತ್ತಿತ್ತು ಎಂಬುದನ್ನು ಬಿಟ್ಟರೆ ಪ್ರತಿವಾದ ಸ್ವಲ್ಪ ದುರ್ಬಲವಾಗುತ್ತದೆ, ಬೀಳುವುದಿಲ್ಲ. ಅದು ಇಲ್ಲದಿರುವುದು ಸಣ್ಣ ಲೋಪ. ಉಪನ್ಯಾಸಕರು ಪ್ರಾಸಂಗಿಕವಾಗಿ ಯಾವುದಾದರೂ ಊರಿನ ಹೆಸರನ್ನೋ ಪ್ರಾಚೀನ ಲೇಖಕನ ಹೆಸರನ್ನೋ ಹೇಳಿದ್ದು, ವಿದ್ಯಾರ್ಥಿ ಅದನ್ನು ತಪ್ಪಾಗಿ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಒಮ್ಮೆ ಕೇಳಿದ ಅಪರಿಚಿತ ಹೆಸರಿನ ಕಾಗುಣಿತವನ್ನು ಪರೀಕ್ಷಿಸುವುದು ಈ ಪ್ರಶ್ನೆಯ ಉದ್ದೇಶವಲ್ಲ.

ಈಗ ಎರಡು ಉತ್ತರಗಳನ್ನು ನೋಡೋಣ. ಮೊದಲನೆಯದು ಹೀಗಿದೆ:

“ಗದ್ಯಭಾಗವು ರೋಮ್ ಸಾಮ್ರಾಜ್ಯದ ಪತನಕ್ಕೆ ಸೀಸದ ವಿಷವೇ ಕಾರಣವೆಂದು ಪ್ರತಿಪಾದಿಸಿದರೆ, ಉಪನ್ಯಾಸಕರು ಆ ವಾದವನ್ನು ಬಲವಾದ ಆಧಾರಗಳೊಂದಿಗೆ ಅಲ್ಲಗಳೆಯುತ್ತಾರೆ. ಮೊದಲನೆಯದಾಗಿ, ಕೊಳವೆಗಳ ಒಳಮೈಯಲ್ಲಿ ಸುಣ್ಣದ ಪದರ ಕಟ್ಟಿಕೊಳ್ಳುತ್ತಿದ್ದುದರಿಂದ ನೀರಿಗೆ ಸೀಸದ ಸೋಂಕೇ ಇರಲಿಲ್ಲವೆಂದು ಅವರು ವಿವರಿಸುತ್ತಾರೆ. ಎರಡನೆಯದಾಗಿ, ದ್ರಾಕ್ಷಿ ಪಾಕ ಹಾನಿಕಾರಕವಾಗಿತ್ತೆಂಬ ಹೇಳಿಕೆಯನ್ನೂ ಅವರು ನಿರಾಕರಿಸುತ್ತಾರೆ; ರೋಮನ್ನರು ಅದನ್ನು ಶತಮಾನಗಳ ಕಾಲ ಯಾವ ತೊಂದರೆಯೂ ಇಲ್ಲದೆ ಬಳಸಿದ್ದರು. ಕೊನೆಯದಾಗಿ, ಮೂಳೆಗಳಲ್ಲಿ ಕಂಡುಬಂದ ಸೀಸವು ವಾಸ್ತವವಾಗಿ ಮಣ್ಣಿನಿಂದ ಬಂದದ್ದಾಗಿದ್ದು, ಗದ್ಯಭಾಗದ ಪುರಾವೆ ಸಂಪೂರ್ಣ ಸುಳ್ಳೆಂದು ಅವರು ಸಾಬೀತುಪಡಿಸುತ್ತಾರೆ.”

ಎರಡನೆಯದು ಹೀಗಿದೆ:

“ಗದ್ಯಭಾಗ ಹೇಳುವುದು ರೋಮ್ ಬಿದ್ದದ್ದು ಸೀಸದಿಂದ. ಉಪನ್ಯಾಸಕರು ಇದು ಸರಿ ಇಲ್ಲ ಅಂತಾರೆ. ಪೈಪು ಸೀಸದ್ದು ನಿಜ ಆದರೆ ಆ ನೀರು ಸುಣ್ಣ ಜಾಸ್ತಿ, ಪೈಪು ಒಳಗೆ ಪದರ ಕೂತುಕೊಂಡು ಸೀಸ ನೀರಿಗೆ ಸೇರುವುದು ಕಮ್ಮಿ ಆಗುತ್ತದೆ. ಪಾಕದ ಒಳಗೆ ಸೀಸ ಇತ್ತು ಅದು ಒಳ್ಳೆಯದಲ್ಲ ಅದು ಅವರು ಒಪ್ಪಿದರು. ಆದರೆ ಸಾಮ್ರಾಜ್ಯ ಬೆಳೆಯುವಾಗಲೂ ಅದೇ ಪಾಕ ಇತ್ತು, ಹಾಗಿದ್ದರೆ ಬಿದ್ದದ್ದಕ್ಕೆ ಅದು ಕಾರಣ ಹೇಗೆ ಹೇಳುವುದು. ಮೂಳೆಯಲ್ಲಿ ಸೀಸ ಜಾಸ್ತಿ ಅಂತ ಗದ್ಯಭಾಗ ಹೇಳುತ್ತದೆ. ಆದರೆ ಮೂಳೆ ಸೀಸ ಹೂತ ಮೇಲೆ ಮಣ್ಣಿಗೆ ಹೋಗಿರಬಹುದು, ಅದಕ್ಕೆ ಬದುಕಿದ್ದಾಗ ಅಷ್ಟು ಸೀಸ ಇತ್ತು ಹೇಳಲು ಆಗುವುದಿಲ್ಲ.”

ಮೊದಲ ಉತ್ತರವನ್ನು ಓದಿದಾಗ ಕೈ ತಾನಾಗಿ 5ರ ಕಡೆಗೆ ಹೋಗುತ್ತದೆ. ವಾಕ್ಯಗಳು ಬಿಗಿಯಾಗಿವೆ, ‘ಮೊದಲನೆಯದಾಗಿ’, ‘ಎರಡನೆಯದಾಗಿ’ ಎಂದು ಅಂಶಗಳು ಸಾಲಾಗಿ ನಿಂತಿವೆ, ವ್ಯಾಕರಣದಲ್ಲಿ ಹೆಸರಿಸುವಂಥ ತಪ್ಪಿಲ್ಲ. ಈಗ ಕೀ ಉತ್ತರದ ಪಕ್ಕದಲ್ಲಿಟ್ಟು ನೋಡಿ. ಕೊಳವೆಯ ಅಂಶದಲ್ಲಿ ಕಾರಣ ಸರಿಯಾಗಿದೆ, ಆದರೆ ‘ಬಹಳ ಮಟ್ಟಿಗೆ ತಡೆಯುತ್ತಿತ್ತು’ ಎಂಬುದು ‘ಸೋಂಕೇ ಇರಲಿಲ್ಲ’ ಎಂದಾಗಿದೆ. ನೀರಿನ ಹರಿವಿನ ಮಾತು ಬಿಟ್ಟುಹೋಗಿದೆ. ಇವು ಸಣ್ಣವು. ಪಾಕದ ಅಂಶದಲ್ಲಿ ಮಾತ್ರ ಉಪನ್ಯಾಸಕರು ಒಪ್ಪಿಕೊಂಡದ್ದನ್ನೇ ನಿರಾಕರಿಸಿದರೆಂದು ಬರೆದಾಗಿದೆ. ‘ಶತಮಾನಗಳ ಕಾಲ’ ಎಂಬ ತುಣುಕು ಕಿವಿಗೆ ಬಿದ್ದಿದೆ. ಅದು ಯಾವ ವಾದಕ್ಕೆ ಆಧಾರವಾಗಿ ಬಂತು ಎಂಬುದು ಬಿದ್ದಿಲ್ಲ. ಆ ಖಾಲಿ ಜಾಗವನ್ನು ವಿದ್ಯಾರ್ಥಿ ತನ್ನ ಊಹೆಯಿಂದ ತುಂಬಿದ್ದಾನೆ: ಇಷ್ಟು ಕಾಲ ಬಳಸಿದ್ದರೆಂದರೆ ತೊಂದರೆ ಇರಲಿಲ್ಲವೆಂದೇ ಅರ್ಥ, ಅಲ್ಲವೇ ಎಂದು. ಮೂಳೆಯ ಅಂಶದಲ್ಲಿ ‘ಇಳಿಯಬಹುದು’ ಎಂಬ ಸಾಧ್ಯತೆ ‘ಬಂದದ್ದು’ ಎಂಬ ನಿಶ್ಚಯವಾಗಿ, ಅನುಮಾನವು ‘ಸಂಪೂರ್ಣ ಸುಳ್ಳು’ ಎಂಬ ತೀರ್ಪಾಗಿ ಬದಲಾಗಿದೆ. ಒಂದು ಪ್ರಮುಖ ಅಂಶ ತಪ್ಪು, ಇನ್ನೊಂದು ಅತಿರೇಕ, ಮತ್ತೊಂದು ಬಹುತೇಕ ಸರಿ. ನಾನು ಇದಕ್ಕೆ 3 ಕೊಡುತ್ತೇನೆ. 2ಕ್ಕೆ ಇಳಿಸದಿರಲು ಕಾರಣ, ಒಟ್ಟು ವಿರೋಧದ ದಿಕ್ಕು ಸರಿಯಿದೆ ಮತ್ತು ಮೂರರಲ್ಲಿ ಎರಡು ಕಾರಣಗಳ ತಿರುಳು ಉಳಿದಿದೆ.

ಇಂಥ ಉತ್ತರಗಳಲ್ಲಿ ‘ಸಂಪೂರ್ಣವಾಗಿ’, ‘ಸಾಬೀತುಪಡಿಸುತ್ತಾರೆ’, ‘ಅಲ್ಲಗಳೆಯುತ್ತಾರೆ’ ಮುಂತಾದ ಪದಗಳು ಮೊದಲೇ ಬಾಯಿಪಾಠವಾಗಿರುವ ಚೌಕಟ್ಟಿನಿಂದ ಬಂದಿರುವುದು ಸಾಮಾನ್ಯ. ಚೌಕಟ್ಟನ್ನು ಬಳಸಿದ್ದಕ್ಕೆ ಅಂಕ ಕಳೆಯಬೇಕಾಗಿಲ್ಲ. ಆದರೆ ಚೌಕಟ್ಟಿನ ಪದಗಳನ್ನೆಲ್ಲ ಮನಸ್ಸಿನಲ್ಲೇ ಅಳಿಸಿ, ಉಳಿದದ್ದನ್ನು ಮಾತ್ರ ಓದುವ ಅಭ್ಯಾಸ ಮಾಡಿಕೊಂಡರೆ ಉತ್ತರದ ನಿಜವಾದ ತೂಕ ಬೇಗ ತಿಳಿಯುತ್ತದೆ. ಕೆಲವೊಮ್ಮೆ ನೂರೈವತ್ತು ಪದಗಳ ಉತ್ತರದಲ್ಲಿ ಹೀಗೆ ಅಳಿಸಿದ ಮೇಲೆ ಉಪನ್ಯಾಸದ್ದೆಂದು ಹೇಳಬಹುದಾದ ಎರಡೇ ವಾಕ್ಯ ಉಳಿಯುತ್ತವೆ.

ಎರಡನೆಯ ಉತ್ತರದ ಭಾಷೆ ಎಡವುತ್ತದೆ. ವಿಭಕ್ತಿ ಪ್ರತ್ಯಯಗಳು ಅಲ್ಲಲ್ಲಿ ಬಿದ್ದುಹೋಗಿವೆ, ಆಡುಮಾತು ಬರಹದೊಳಗೆ ನುಸುಳಿದೆ, ‘ಎಂದು’ ಇರಬೇಕಾದಲ್ಲಿ ಇಲ್ಲ. ‘ಆ ನೀರು ಸುಣ್ಣ ಜಾಸ್ತಿ’ ಎಂಬಲ್ಲಿ ಪ್ರತ್ಯಯ ಬಿಟ್ಟುಹೋಗಿದ್ದರೂ ನೀರಿನಲ್ಲಿ ಸುಣ್ಣ ಹೆಚ್ಚು ಎಂಬುದನ್ನು ಯಾರೂ ಬೇರೆ ರೀತಿಯಲ್ಲಿ ಓದಲಾರರು. ವಿಷಯಕ್ಕೆ ಬಂದರೆ, ‘ಕಮ್ಮಿ ಆಗುತ್ತದೆ’ ಎಂಬಲ್ಲಿ ಪ್ರಮಾಣ ಸರಿಯಾಗಿದೆ. ಪಾಕದ ವಿಷಯದಲ್ಲಿ ಒಪ್ಪಿಗೆಯೂ ಆಕ್ಷೇಪವೂ ಎರಡೂ ಬಂದಿವೆ, ಅದೂ ಸರಿಯಾದ ಕ್ರಮದಲ್ಲಿ. ಮೂಳೆಯ ಅಂಶದಲ್ಲಿ ‘ಇರಬಹುದು’ ಎಂಬ ಸಾಧ್ಯತೆಯ ರೂಪ ಉಳಿದುಕೊಂಡಿದೆ. ನೀರಿನ ಹರಿವು ಇಲ್ಲಿಯೂ ಬಿಟ್ಟುಹೋಗಿದೆ. ಮಣ್ಣನ್ನು ಪರೀಕ್ಷಿಸಬೇಕೆಂಬ ಮಾತೂ ಇಲ್ಲ, ಅದೂ ಸಣ್ಣ ಲೋಪವೇ.

ಒಂದು ಕಡೆ ಮಾತ್ರ ಇಲ್ಲಿ ನಿಂತು ಯೋಚಿಸಬೇಕು. ‘ಮೂಳೆ ಸೀಸ ಹೂತ ಮೇಲೆ ಮಣ್ಣಿಗೆ ಹೋಗಿರಬಹುದು’ ಎಂದು ಬರೆದಿದೆ. ಉಪನ್ಯಾಸದಲ್ಲಿ ಸೀಸ ಹೋದದ್ದು ಮಣ್ಣಿನಿಂದ ಮೂಳೆಗೆ. ಇಲ್ಲಿ ಮೂಳೆಯಿಂದ ಮಣ್ಣಿಗೆ ಎಂಬಂತಿದೆ. ಇದು ವಿಭಕ್ತಿಯ ತಪ್ಪೋ ವಿಷಯದ ತಪ್ಪೋ? ಬರೀ ಪ್ರತ್ಯಯ ತಪ್ಪಿದೆ ಎಂದು ಉದಾರವಾಗಿ ಬಿಟ್ಟುಬಿಡುವುದೂ, ವಿಷಯವೇ ಉಲ್ಟಾ ಆಗಿದೆ ಎಂದು ಕೆಂಪು ಗೆರೆ ಎಳೆಯುವುದೂ ಎರಡೂ ಅವಸರದ ತೀರ್ಮಾನಗಳು. ಉತ್ತರದಲ್ಲೇ ಇರುವ ಬೇರೆ ಮಾತುಗಳು ಸರಿಯಾದ ದಿಕ್ಕನ್ನು ತೋರಿಸಿಕೊಡುತ್ತವೆಯೇ ಎಂದು ಹುಡುಕಬೇಕು. ಮುಂದಿನ ಮಾತು ‘ಬದುಕಿದ್ದಾಗ ಅಷ್ಟು ಸೀಸ ಇತ್ತು ಹೇಳಲು ಆಗುವುದಿಲ್ಲ’ ಎಂದಿದೆ. ಈಗ ಮೂಳೆಯಲ್ಲಿ ಕಾಣುತ್ತಿರುವುದು ಬದುಕಿದ್ದಾಗ ಇದ್ದುದಕ್ಕಿಂತ ಹೆಚ್ಚಿರಬಹುದು ಎಂಬುದು ಇದರ ಭಾವ, ಮತ್ತು ಸೀಸ ಹೊರಗಿನಿಂದ ಮೂಳೆಗೆ ಬಂದಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಆದ್ದರಿಂದ ಅರ್ಥ ಒಂದು ಕ್ಷಣ ಮಸುಕಾದರೂ ಉತ್ತರದೊಳಗಿನಿಂದಲೇ ಮರಳಿ ಸಿಗುತ್ತದೆ. ಇದಕ್ಕೆ 4 ಸರಿಯಾದ ಅಂಕ.

ಆ ಕೊನೆಯ ಮಾತು ‘ಬದುಕಿದ್ದಾಗ ಎಷ್ಟು ಇತ್ತು ಗೊತ್ತಾಗುವುದಿಲ್ಲ’ ಎಂದಿದ್ದರೆ ನನ್ನ ಅಂಕ ಬದಲಾಗುತ್ತಿತ್ತು. ಸೀಸ ಮೂಳೆಗೆ ಬಂದಿದ್ದರೂ ಮೂಳೆಯಿಂದ ಹೋಗಿದ್ದರೂ ‘ಎಷ್ಟು ಇತ್ತು ಗೊತ್ತಾಗುವುದಿಲ್ಲ’ ಎಂಬುದು ಸರಿಹೊಂದುತ್ತದೆ, ಹಾಗಾಗಿ ಓದುಗನಿಗೆ ದಿಕ್ಕು ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಆಗ ಅದು ಭಾಷೆಯ ಮೂಲಕ ಆದ ವಿಷಯದ ತಪ್ಪು, ಮತ್ತು 3 ಕೊಡುವುದೇ ನ್ಯಾಯ. ಉಪನ್ಯಾಸವನ್ನು ಕೇಳಿರುವ ಮೌಲ್ಯಮಾಪಕರಿಗೆ ಈ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ವಿದ್ಯಾರ್ಥಿ ಏನು ಹೇಳಹೊರಟಿದ್ದಾನೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ ಮತ್ತು ಕಣ್ಣು ತಾನಾಗಿಯೇ ತಪ್ಪನ್ನು ತಿದ್ದಿಕೊಂಡು ಓದುತ್ತದೆ. ಉಪನ್ಯಾಸ ಕೇಳದ ಓದುಗನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದು ಆರಂಭದಲ್ಲೇ ಹೇಳಿದ್ದು ಇದಕ್ಕಾಗಿ. ತೀರಾ ಸಂದೇಹವಾದರೆ ಆ ವಾಕ್ಯವನ್ನು ಅದರ ಅಕ್ಕಪಕ್ಕದ ಸಾಲುಗಳೊಂದಿಗೆ, ಉಪನ್ಯಾಸ ಕೇಳದ ಸಹೋದ್ಯೋಗಿಯೊಬ್ಬರಿಗೆ ತೋರಿಸಿ ಅವರಿಗೆ ಏನು ಅರ್ಥವಾಯಿತೆಂದು ಕೇಳಬಹುದು.

ಮೇಲಿನ ಎರಡು ಉತ್ತರಗಳಲ್ಲಿ ಸೊಗಸಾದದ್ದಕ್ಕೆ 3, ಎಡವಿದ್ದಕ್ಕೆ 4 ಬಂದದ್ದನ್ನು ಕಂಡು ನಿಮ್ಮ ಸಹೋದ್ಯೋಗಿಗೆ ಇರಿಸುಮುರಿಸಾಗಬಹುದು. ಭಾಷೆಗೆ ಬೆಲೆಯೇ ಇಲ್ಲವೇ ಎಂದು ಅವರು ಕೇಳಿದರೆ, ಇದೆ ಎಂದೇ ಉತ್ತರ. ಎರಡನೆಯ ಉತ್ತರ 5ಕ್ಕೆ ಏರದಿರುವುದಕ್ಕೆ ಭಾಷೆಯೇ ಮುಖ್ಯ ಕಾರಣ. ನೀರಿನ ಹರಿವೂ ಮಣ್ಣಿನ ಪರೀಕ್ಷೆಯೂ ಅದರಲ್ಲಿ ಬಂದಿದ್ದರೂ ಆ ಮೂಳೆಯ ವಾಕ್ಯ ಅದನ್ನು 4ರಲ್ಲೇ ನಿಲ್ಲಿಸುತ್ತಿತ್ತು. ಭಾಷೆ ಇದಕ್ಕಿಂತ ಕೆಟ್ಟು, ಪಾಕದ ಬಗ್ಗೆ ಅವರು ಒಪ್ಪಿದರೋ ನಿರಾಕರಿಸಿದರೋ ತಿಳಿಯದಂತಾಗಿದ್ದರೆ ಅಂಕ ಇನ್ನೂ ಇಳಿಯುತ್ತಿತ್ತು. ಭಾಷೆಯ ಸಾಮರ್ಥ್ಯವನ್ನು ಅದರ ಸೊಬಗಿಗಾಗಿಯೇ ಅಳೆಯಬೇಕೆಂದಿದ್ದರೆ ಅದಕ್ಕೆ ಬೇರೆ ಪ್ರಶ್ನೆ ಕೊಡಬೇಕು. ವಿದ್ಯಾರ್ಥಿಯ ಸ್ವಂತ ಅಭಿಪ್ರಾಯ ಕೇಳುವ ಪ್ರಬಂಧ ಆ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಸ್ವಂತ ಅಭಿಪ್ರಾಯದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಉತ್ತರದ ಕೊನೆಯಲ್ಲಿ ‘ನನ್ನ ಪ್ರಕಾರ ಉಪನ್ಯಾಸಕರ ಮಾತೇ ಸರಿ’ ಎಂದು ಬರೆದದ್ದಕ್ಕೆ ಅಂಕ ಕೊಡುವಂತಿಲ್ಲ, ಕಳೆಯುವಂತೆಯೂ ಇಲ್ಲ. ಆದರೆ ವಿದ್ಯಾರ್ಥಿ ತನಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು ಉಪನ್ಯಾಸಕರ ಬಾಯಲ್ಲಿ ಹೇಳಿಸಿದರೆ, ಉದಾಹರಣೆಗೆ ‘ಅಂತಃಕಲಹಗಳೇ ಪತನಕ್ಕೆ ಕಾರಣವೆಂದು ಉಪನ್ಯಾಸಕರು ತಿಳಿಸುತ್ತಾರೆ’ ಎಂದು ಬರೆದರೆ, ಆ ಮಾತು ಇತಿಹಾಸದ ದೃಷ್ಟಿಯಿಂದ ಎಷ್ಟೇ ಸಮಂಜಸವಾಗಿದ್ದರೂ ವರದಿಯಾಗಿ ಅದು ತಪ್ಪು. ಉಪನ್ಯಾಸಕರು ಹೇಳದೇ ಇದ್ದದ್ದನ್ನು ಹೇಳಿದರೆಂದು ಬರೆಯುವುದು, ಅವರು ಹೇಳಿದ್ದನ್ನು ಬಿಡುವುದಕ್ಕಿಂತ ಗಂಭೀರ ಎಂಬುದು ನನ್ನ ನಿಲುವು, ಏಕೆಂದರೆ ಲೋಪವಿದ್ದಲ್ಲಿ ಓದುಗನಿಗೆ ಕಡಿಮೆ ತಿಳಿಯುತ್ತದೆ, ಇಲ್ಲಿ ತಪ್ಪೇ ತಿಳಿಯುತ್ತದೆ. ಎಲ್ಲ ಮಾನದಂಡಗಳೂ ಇದನ್ನು ಇಷ್ಟು ಬಿಡಿಸಿ ಹೇಳುವುದಿಲ್ಲ. ನೀವಿಬ್ಬರೂ ಮೊದಲೇ ಮಾತಾಡಿಕೊಂಡು ಒಂದು ನಿಲುವಿಗೆ ಬನ್ನಿ.

ನಕಲಿನ ವಿಷಯದಲ್ಲಿ ಒಂದು ಸುಲಭ ವಿಧಾನವಿದೆ. ಗದ್ಯಭಾಗದಿಂದ ಪದಶಃ ಬಂದ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ ಮತ್ತು ಅವುಗಳಿಗೆ ಯಾವ ಬೆಲೆಯನ್ನೂ ಕೊಡದೆ ಉಳಿದದ್ದಕ್ಕೆ ಮಾತ್ರ ಅಂಕ ಕೊಡಿ. ‘ಸೀಸದ ಕೊಳವೆ’, ‘ದ್ರಾಕ್ಷಿ ಪಾಕ’ದಂಥ ವಿಷಯಕ್ಕೆ ಅನಿವಾರ್ಯವಾದ ಪದಗಳನ್ನು ನಕಲೆಂದು ಎಣಿಸಬಾರದು, ಉದ್ದುದ್ದದ ಪೂರ್ಣ ವಾಕ್ಯಗಳು ಮಾತ್ರ ನಕಲು. ಮೂರು ಪ್ಯಾರಾಗಳಲ್ಲಿ ಗದ್ಯಭಾಗವನ್ನು ಚೆನ್ನಾಗಿ ಸಂಗ್ರಹಿಸಿ, ಪ್ರತಿ ಪ್ಯಾರಾದ ಕೊನೆಗೂ ‘ಆದರೆ ಉಪನ್ಯಾಸಕರು ಇದನ್ನು ಒಪ್ಪುವುದಿಲ್ಲ’ ಎಂದಷ್ಟೇ ಸೇರಿಸಿದ ಉತ್ತರಗಳೂ ಬರುತ್ತವೆ. ಅವುಗಳಲ್ಲಿ ಉಪನ್ಯಾಸದ ಒಂದು ಕಾರಣವೂ ಇಲ್ಲದಿರುವುದರಿಂದ ಅಂಕ 1. ಉಪನ್ಯಾಸಕರು ವಿರೋಧಿಸುತ್ತಾರೆ ಎಂಬುದನ್ನು ಪ್ರಶ್ನೆಯ ಸೂಚನೆಯಿಂದಲೇ ಊಹಿಸಬಹುದಾದ್ದರಿಂದ ಅದು ಕೇಳಿಸಿಕೊಂಡದ್ದಕ್ಕೆ ಪುರಾವೆಯಾಗದು.

ಇಲ್ಲಿಂದ ಇನ್ನೊಂದು ತೊಂದರೆ ಹೊರಡುತ್ತದೆ, ಅದು ವಿದ್ಯಾರ್ಥಿಯದಲ್ಲ, ಪ್ರಶ್ನೆಯದು. ಉಪನ್ಯಾಸದ ಪ್ರತಿವಾದಗಳನ್ನು ಗದ್ಯಭಾಗವನ್ನಷ್ಟೇ ಓದಿ ಊಹಿಸುವಂತಿದ್ದರೆ, ಎಷ್ಟೇ ಎಚ್ಚರದಿಂದ ಅಂಕ ಕೊಟ್ಟರೂ ಕೇಳಿ ಬರೆದವರನ್ನೂ ಊಹಿಸಿ ಬರೆದವರನ್ನೂ ಬೇರ್ಪಡಿಸಲಾಗದು. ಪರೀಕ್ಷೆಗೆ ಮುನ್ನ ಗದ್ಯಭಾಗವನ್ನು ಒಬ್ಬಿಬ್ಬರು ಶಿಕ್ಷಕರಿಗೆ ಕೊಟ್ಟು, ಉಪನ್ಯಾಸವನ್ನು ಕೇಳಿಸದೆ, ಇದಕ್ಕೆ ಯಾವ ಆಕ್ಷೇಪಗಳು ಬರಬಹುದೆಂದು ಬರೆಯಲು ಹೇಳಿ. ಅವರು ಬರೆದದ್ದರಲ್ಲಿ ನಿಮ್ಮ ಕೀ ಉತ್ತರದ ಕಾರಣ ಕಾಣಿಸಿಕೊಂಡರೆ ಆ ಅಂಶವನ್ನು ಬದಲಿಸಬೇಕು. ನನ್ನ ಮಾದರಿಯಲ್ಲಿ ಮಣ್ಣು ಮತ್ತು ಮೂಳೆಯ ಅಂಶ ಪುರಾತತ್ತ್ವದ ಪರಿಚಯವಿದ್ದವರಿಗೆ ಹೊಳೆಯಬಹುದು, ಅದು ಅದರ ದೌರ್ಬಲ್ಯ. ಪಾಕದ ಅಂಶ ಮಾತ್ರ ಕೇಳದವರಿಗೆ ಹೊಳೆಯುವುದು ಕಷ್ಟ, ಏಕೆಂದರೆ ಉಪನ್ಯಾಸಕರು ಅರ್ಧ ಒಪ್ಪುತ್ತಾರೆಂದು ಯಾರೂ ನಿರೀಕ್ಷಿಸುವುದಿಲ್ಲ. ಪ್ರತಿ ಪ್ರಶ್ನೆಯಲ್ಲೂ ಇಂಥ ಒಂದು ಅಂಶವಾದರೂ ಇದ್ದರೆ 3 ಮತ್ತು 4ರ ನಡುವಿನ ಗೆರೆ ಸಾಕಷ್ಟು ಸ್ಪಷ್ಟವಾಗುತ್ತದೆ.

ಇನ್ನು ನಿಮ್ಮಿಬ್ಬರ ಕೆಲಸದ ಕ್ರಮ. ಮೊದಲ ಓದಿನಲ್ಲಿ ಕೈಯಲ್ಲಿ ಕೆಂಪು ಪೆನ್ನು ಇರಬಾರದು; ವ್ಯಾಕರಣದ ತಪ್ಪುಗಳಿಗೆ ಗುರುತು ಹಾಕುತ್ತ ಹೋದರೆ ಪುಟ ಕೆಂಪಾಗುತ್ತದೆ ಮತ್ತು ಆ ಕೆಂಪು ಬಣ್ಣವೇ ಅಂಕವನ್ನು ಕೆಳಗೆಳೆಯುತ್ತದೆ. ಕೀ ಉತ್ತರದ ಒಂದೊಂದು ಅಂಶಕ್ಕೂ ‘ಸರಿ’, ‘ಮಸುಕು’, ‘ತಪ್ಪು’, ‘ಇಲ್ಲ’ ಎಂಬ ನಾಲ್ಕರಲ್ಲಿ ಒಂದನ್ನು ಬದಿಯಲ್ಲಿ ಬರೆದುಕೊಳ್ಳಿ, ತಾತ್ಕಾಲಿಕ ಅಂಕವನ್ನು ಅದರಿಂದಲೇ ನಿರ್ಧರಿಸಿ. ಎರಡನೆಯ ಓದಿನಲ್ಲಿ ಭಾಷೆಯನ್ನು ನೋಡಿ. ಅರ್ಥಕ್ಕೆ ಧಕ್ಕೆ ತಂದಿದ್ದರೆ ಮಾತ್ರ ಅಂಕವನ್ನು ಬದಲಿಸಿ. ಆ ನಾಲ್ಕು ಗುರುತುಗಳಿಗೆ ಸಂಖ್ಯೆ ಕೊಟ್ಟು ಕೂಡಿಸಲು ಹೋಗಬೇಡಿ. ಮೂರು ಅಂಶಗಳಲ್ಲಿ ಒಂದು ಪೂರ್ತಿ ತಪ್ಪಾಗಿರುವುದೂ, ಮೂರೂ ಸ್ವಲ್ಪ ಸ್ವಲ್ಪ ಮಸುಕಾಗಿರುವುದೂ ಕೂಡಿಸಿದಾಗ ಒಂದೇ ಮೊತ್ತವಾಗಬಹುದು, ಆದರೆ ಓದುಗನಿಗೆ ಅವೆರಡರಿಂದ ಸಿಗುವ ತಿಳಿವಳಿಕೆ ಒಂದೇ ಅಲ್ಲ.

ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಇಬ್ಬರೂ ಪ್ರತ್ಯೇಕವಾಗಿ ಅಂಕ ಕೊಡಿ. ಒಂದು ಅಂಕದ ವ್ಯತ್ಯಾಸ ಬಂದರೆ ಸರಾಸರಿ ತೆಗೆದುಕೊಳ್ಳುವುದು ವಾಡಿಕೆ, ಅದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ. 3 ಮತ್ತು 4ರ ಗಡಿಯಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯ ಸದಾ ಇರುತ್ತದೆ. ಎರಡು ಅಥವಾ ಹೆಚ್ಚು ಅಂಕಗಳ ವ್ಯತ್ಯಾಸ ಬಂದರೆ ಮೂರನೆಯವರಿಗೆ ಓದಲು ಕೊಡಬೇಕು, ಮತ್ತು ಅವರಿಗೆ ನಿಮ್ಮ ಅಂಕಗಳನ್ನು ತಿಳಿಸಬಾರದು. ನೀವು ಹೇಳಿದ 3 ಮತ್ತು 5ರ ಪ್ರಕರಣಗಳು ಈ ಗುಂಪಿಗೆ ಸೇರುತ್ತವೆ. ಕಟ್ಟು ದೊಡ್ಡದಾಗಿದ್ದರೆ, ಇಬ್ಬರೂ ಒಪ್ಪಿ ಅಂಕ ಕೊಟ್ಟ ಐದಾರು ಉತ್ತರಗಳನ್ನು ಪ್ರತಿ ಅಂಕಕ್ಕೂ ಒಂದರಂತೆ ಮಾದರಿಯಾಗಿ ಇಟ್ಟುಕೊಂಡು, ನಡುವೆ ಬಿಡುವು ತೆಗೆದುಕೊಂಡಾಗಲೆಲ್ಲ ಅವನ್ನು ಮತ್ತೊಮ್ಮೆ ಓದಿ ಮುಂದುವರಿಯಿರಿ. ಸತತವಾಗಿ ದುರ್ಬಲ ಉತ್ತರಗಳನ್ನು ಓದಿದ ಮೇಲೆ ಸಾಧಾರಣ ಉತ್ತರವೂ 5ರಂತೆ ಕಾಣತೊಡಗುತ್ತದೆ.

ನಿಮ್ಮ ಸಂಸ್ಥೆಯಲ್ಲಿ ಐದರ ಬದಲು ಹತ್ತು ಅಥವಾ ಇಪ್ಪತ್ತು ಅಂಕ ಬೇಕೆಂದಿದ್ದರೆ, ಮೊದಲು ಐದರ ಮಾನದಂಡದಲ್ಲೇ ತೀರ್ಮಾನಿಸಿ ಆಮೇಲೆ ಗುಣಿಸಿ. ನೇರವಾಗಿ ಇಪ್ಪತ್ತರಲ್ಲಿ ಅಂಕ ಕೊಡಲು ಕುಳಿತರೆ 13ಕ್ಕೂ 14ಕ್ಕೂ ನಡುವೆ ಇರುವ ವ್ಯತ್ಯಾಸವನ್ನು ವಿವರಿಸಬಲ್ಲ ಮಾನದಂಡ ಯಾರ ಬಳಿಯೂ ಇರುವುದಿಲ್ಲ, ಮತ್ತು ಆ ಖಾಲಿ ಜಾಗದಲ್ಲಿ ಕೈಬರಹವೂ ಕಾಗುಣಿತವೂ ಬಂದು ಕೂರುತ್ತವೆ.